ವೃತ್ತಿ ದಿನಚರಿ: ವಾರಕ್ಕೆರಡು ದಿನ ಬರೆದು, ದಸರೆಗೊಮ್ಮೆ ಓದುವ ಕ್ರಮ

ಹನ್ನೊಂದು ವರ್ಷ ಬ್ಯಾಂಕಿನ ಶಾಖೆಗಳಲ್ಲಿ ದುಡಿದ ಮೇಲೂ, 'ನಿಮಗೆ ಯಾವ ಕೆಲಸ ಇಷ್ಟ?' ಎಂದು ಯಾರಾದರೂ ಕೇಳಿದರೆ ನನ್ನಿಂದ ಬರುತ್ತಿದ್ದ ಉತ್ತರ ಒಂದೇ: 'ಜನರ ಜೊತೆ ಬೆರೆಯುವ ಕೆಲಸ.' ಕೌಂಟರಿಗೆ ಬಂದವರು ಹಾಗೆಂದು ಹೊಗಳುತ್ತಿದ್ದರು, ಮ್ಯಾನೇಜರ್ ವಾರ್ಷಿಕ ವರದಿಯಲ್ಲಿ ಹಾಗೆಂದು ಬರೆಯುತ್ತಿದ್ದರು, ನಾನೂ ಅದನ್ನೇ ನಂಬಿದ್ದೆ. ದಿನಚರಿ ಇಡಲು ಆರಂಭಿಸಿ ಒಂದು ವರ್ಷ ತುಂಬಿದಾಗ ಆ ಉತ್ತರ ನನ್ನದಲ್ಲ, ಬೇರೆಯವರದು ಎಂದು ನನ್ನ ಕೈಬರಹವೇ ತೋರಿಸಿತು. ಆ ಒಂದು ವರ್ಷದ ಪುಸ್ತಕವನ್ನೇ ಮುಂದಿಟ್ಟುಕೊಂಡು, ಬರೆಯುವ ಮತ್ತು ಓದುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ನೆನಪನ್ನು ಏಕೆ ನೆಚ್ಚಬಾರದು

ವರ್ಷದ ಕೊನೆಗೆ ಕುಳಿತು ನೆನಪಿನಿಂದಲೇ ಲೆಕ್ಕ ಹಾಕಿದರೆ ಸಾಲದೇ ಎಂದು ಅನ್ನಿಸುವುದು ಸಹಜ. ಸಾಲುವುದಿಲ್ಲ. ಒಂದು ಅನುಭವ ಹೇಗಿತ್ತೆಂದು ನೆನೆಯುವಾಗ ಅದರ ಅತಿ ತೀವ್ರ ಗಳಿಗೆಯೂ ಕೊನೆಯ ಗಳಿಗೆಯೂ ಮಾತ್ರ ಮೇಲೆದ್ದು ನಿಲ್ಲುತ್ತವೆ, ನಡುವಿನ ದೀರ್ಘ ಕಾಲ ಕರಗಿಹೋಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಬ್ಯಾಂಕಿನಲ್ಲಿರುವವರ ವರ್ಷ ನೆನಪಿನಲ್ಲಿ ಉಳಿಯುವುದೂ ಹೀಗೆಯೇ. ಮಾರ್ಚ್ ಅಂತ್ಯದ ರಾತ್ರಿಗಳು, ಒಂದು ಜಗಳ, ಒಂದು ಸನ್ಮಾನ. ಉಳಿದ ಇನ್ನೂರು ಚಿಲ್ಲರೆ ದಿನಗಳ ಸುಳಿವೇ ಇರುವುದಿಲ್ಲ. ಆದರೆ ನಾವು ನಿಜವಾಗಿ ಬದುಕುವುದು ಆ ಇನ್ನೂರು ದಿನಗಳಲ್ಲಿ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಕಾನೆಮನ್ ತಂಡ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರಿಂದ ಹಿಂದಿನ ದಿನವನ್ನು ಬರೆಯಿಸಿತು. 'ದಿನ ಹೇಗಿತ್ತು?' ಎಂದು ಒಟ್ಟಾಗಿ ಕೇಳಲಿಲ್ಲ. ದಿನವನ್ನು ನಾಟಕದ ದೃಶ್ಯಗಳಂತೆ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಏನು ಮಾಡುತ್ತಿದ್ದಿರಿ, ಯಾರ ಜೊತೆ ಇದ್ದಿರಿ, ಹೇಗೆ ಅನ್ನಿಸಿತು ಎಂದು ಕೇಳಿತು. ನಾನು ಅನುಸರಿಸುವ ಕ್ರಮದ ಬೆನ್ನೆಲುಬು ಇದೇ. ದಿನವನ್ನಲ್ಲ, ದಿನದ ತುಂಡನ್ನು ಬರೆಯಬೇಕು.

ಪುಸ್ತಕ ಮತ್ತು ದಿನ

ಹೊಸ ವರ್ಷಕ್ಕೆ ಉಡುಗೊರೆಯಾಗಿ ಬರುವ, ತಾರೀಖು ಅಚ್ಚಾದ ಡೈರಿ ಇದಕ್ಕೆ ಒಗ್ಗುವುದಿಲ್ಲ. ಖಾಲಿ ಬಿಟ್ಟ ಪುಟಗಳು ಕಣ್ಣಿಗೆ ಚುಚ್ಚುತ್ತವೆ. ಜೂನ್ ಹೊತ್ತಿಗೆ ಡೈರಿ ಕಪಾಟು ಸೇರುತ್ತದೆ. ಇನ್ನೂರು ಪುಟದ ಸಾಧಾರಣ ಗೆರೆ ಪುಸ್ತಕ ಸಾಕು. ಎಡಪುಟದಲ್ಲಿ ಮಾತ್ರ ಬರೆಯಿರಿ, ಬಲಪುಟವನ್ನು ಪೂರ್ತಿ ಖಾಲಿ ಬಿಡಿ. ಅದು ವರ್ಷದ ಕೊನೆಗೆ ಓದುವಾಗ ಬೇಕಾಗುತ್ತದೆ. ಮೊಬೈಲಿನಲ್ಲೋ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲೋ ಬರೆದರೂ ಅಡ್ಡಿಯಿಲ್ಲ, ಕಚೇರಿಯ ಯಂತ್ರದಲ್ಲಿ ಮಾತ್ರ ಬೇಡ. ಕೆಲಸ ಬಿಟ್ಟ ದಿನ ಅದು ಅಲ್ಲಿಯೇ ಉಳಿಯುತ್ತದೆ. ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಕಂಪನಿಯ ಗುಟ್ಟಿನ ವಿವರ ಎಲ್ಲಿಯೂ ಬರೆಯಬಾರದು. ನಿಮಗೆ ಬೇಕಿರುವುದು ನಿಮ್ಮ ಬಗೆಗಿನ ಮಾಹಿತಿ, ಅವರ ಬಗೆಗಿನದಲ್ಲ.

ಪ್ರತಿದಿನವೂ ಬರೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಆರು ವಾರಕ್ಕೆ ಸುಸ್ತಾಗುತ್ತಾರೆ. ಆಮೇಲೆ ಬೇಸರವಾದ ದಿನ ಮಾತ್ರ ಬರೆಯತೊಡಗುತ್ತಾರೆ. ಇದು ಇನ್ನೂ ದೊಡ್ಡ ಅಪಾಯ, ಏಕೆಂದರೆ ವರ್ಷದ ಕೊನೆಗೆ ಕೈಯಲ್ಲಿರುವುದು ದೂರುಗಳ ಪಟ್ಟಿ. ಅದನ್ನು ಓದಿದವರು ಯಾರೇ ಆಗಲಿ ರಾಜೀನಾಮೆ ಬರೆಯುತ್ತಾರೆ. ನಾನು ಮಂಗಳವಾರ ಮತ್ತು ಶುಕ್ರವಾರ ಎಂದು ನಿಗದಿ ಮಾಡಿಕೊಂಡಿದ್ದೇನೆ. ದಿನ ಚೆನ್ನಾಗಿರಲಿ, ಕೆಟ್ಟದಾಗಿರಲಿ, ಸಪ್ಪೆಯಾಗಿರಲಿ, ಮಂಗಳವಾರವಾದರೆ ಬರೆಯುತ್ತೇನೆ. ಬುಧವಾರ ಎಷ್ಟೇ ರೋಚಕವಾಗಿದ್ದರೂ ಬರೆಯುವುದಿಲ್ಲ. ಆಯ್ಕೆಯನ್ನು ಮನಸ್ಸಿಗೆ ಬಿಡದೆ ಕ್ಯಾಲೆಂಡರಿಗೆ ಬಿಟ್ಟರೆ ಮಾತ್ರ ವರ್ಷದ ನಿಜವಾದ ಚಿತ್ರ ಸಿಗುತ್ತದೆ. ರಜೆ, ಕಾಯಿಲೆ ಕಳೆದು ನನಗೆ ಮೊದಲ ವರ್ಷ ಸಿಕ್ಕಿದ್ದು 88 ದಿನ. ದಿನಕ್ಕೆ ಮೂರು ತುಂಡಿನಂತೆ 264 ಸಾಲುಗಳು. ಎರಡು ಮಧ್ಯಾಹ್ನಗಳಲ್ಲಿ ಓದಿ ಮುಗಿಸಬಹುದಾದಷ್ಟು.

ಒಂದು ಸಾಲಿನಲ್ಲಿ ಏನಿರಬೇಕು

ಬೆಳಗಿನ ಒಂದು ಕೆಲಸ, ಮಧ್ಯಾಹ್ನದ ಒಂದು, ಸಂಜೆಯ ಒಂದು. ಪ್ರತಿಯೊಂದಕ್ಕೂ ಸಮಯ, ಎಷ್ಟು ಹೊತ್ತು, ಯಾರ ಜೊತೆ, ಕೈಯಿಂದ ನಿಜಕ್ಕೂ ಮಾಡಿದ್ದೇನು ಎಂದು ಬರೆಯಿರಿ. ಕೊನೆಗೆ ಎರಡು ಅಂಕೆಗಳು. ಮೊದಲನೆಯದು ಮನಸ್ಸು ಎಷ್ಟು ತೊಡಗಿತ್ತು ಎಂಬುದು, ಸೊನ್ನೆಯಿಂದ ಮೂರರವರೆಗೆ. ಗಡಿಯಾರ ನೋಡುತ್ತಾ ಕುಳಿತಿದ್ದರೆ ಸೊನ್ನೆ; ಊಟದ ಹೊತ್ತು ಮೀರಿದ್ದೇ ತಿಳಿಯದಿದ್ದರೆ ಮೂರು. ಎರಡನೆಯದು ಮುಗಿದ ಮೇಲೆ ಮೈಮನಸ್ಸು ಹೇಗಿತ್ತು ಎಂಬುದು: ಹಗುರಾಗಿದ್ದರೆ ಅಧಿಕ ಚಿಹ್ನೆ, ಬಸವಳಿದಿದ್ದರೆ ಕಳೆಯುವ ಚಿಹ್ನೆ. ಇವೆರಡನ್ನೂ ಒಂದೇ ಅಂಕೆಯಲ್ಲಿ ಅಡಗಿಸಬೇಡಿ. ಮನಸ್ಸು ಪೂರ್ತಿ ತೊಡಗಿಯೂ ದೇಹ ಬಸವಳಿಯುವ ಕೆಲಸಗಳಿವೆ. ಅವುಗಳನ್ನು ಬಿಡಬೇಕಿಲ್ಲ, ಪ್ರಮಾಣ ಕಡಿಮೆ ಮಾಡಬೇಕು. ಕೆಲಸ ಆರಂಭಿಸುವ ಮೊದಲು ಹಿಂಜರಿದಿದ್ದರೆ ಪಕ್ಕದಲ್ಲಿ 'ಹಿಂ' ಎಂದು ಗುರುತು ಹಾಕಿ. ಹಿಂಜರಿದು ಆರಂಭಿಸಿ, ಕೊನೆಗೆ ಮೂರು ಅಂಕ ಕೊಡುವ ಕೆಲಸಗಳು ಎಲ್ಲರಲ್ಲಿಯೂ ಇರುತ್ತವೆ. ನೆನಪು ಅವುಗಳನ್ನು 'ಇಷ್ಟವಿಲ್ಲದ್ದು' ಎಂದೇ ದಾಖಲಿಸುತ್ತದೆ.

ನನ್ನ ಮೊದಲ ವಾರದ ಸಾಲುಗಳು ಹೀಗಿದ್ದವು: 'ಸಾಲದ ವಿಭಾಗದ ಕೆಲಸ. ಪರವಾಗಿಲ್ಲ.' ಇದರಿಂದ ವರ್ಷದ ಕೊನೆಗೆ ಏನೂ ಸಿಗುವುದಿಲ್ಲ, ಏಕೆಂದರೆ 'ಸಾಲದ ವಿಭಾಗ' ಎನ್ನುವುದು ಬೋರ್ಡಿನ ಮೇಲಿರುವ ಹೆಸರು. ಅದರೊಳಗೆ ಹತ್ತಾರು ಬೇರೆ ಬೇರೆ ಕೆಲಸಗಳಿವೆ. ಮೂರನೆಯ ತಿಂಗಳ ಒಂದು ಸಾಲು ಇದು:

'ಶುಕ್ರವಾರ, 11ರಿಂದ 12.30. ಹೈನುಗಾರಿಕೆ ಸಾಲದ ತನಿಖೆ, ಒಬ್ಬಳೇ. ಕಡತದಲ್ಲಿ ಮೂರು ಹಸು, ಕೊಟ್ಟಿಗೆಯಲ್ಲಿ ಎರಡು. ಕಿವಿಯ ಟ್ಯಾಗಿನ ಸಂಖ್ಯೆಯನ್ನು ವಿಮೆಯ ಕಾಗದದ ಜೊತೆ ಹೋಲಿಸಿದೆ. "ಮೂರನೆಯದು ತಮ್ಮನ ಮನೆಯಲ್ಲಿದೆ ಮೇಡಂ" ಎಂದರು. ಅಲ್ಲಿಗೂ ನಡೆದುಹೋಗಿ ನೋಡಿದೆ, ಇತ್ತು, ಸಂಖ್ಯೆಯೂ ಸರಿ. ತೊಡಗಿದ್ದು 3, ಆಮೇಲೆ ಅಧಿಕ. ಹಿಂ.'

ಹೋಲಿಸಿದೆ, ನಡೆದುಹೋಗಿ ನೋಡಿದೆ. ಸಾಲಿನ ಜೀವ ಇರುವುದು ಈ ಕ್ರಿಯಾಪದಗಳಲ್ಲಿ. ಕೆಲಸದ ಹೆಸರು ಬದಲಾಗುತ್ತದೆ, ಹುದ್ದೆ ಬದಲಾಗುತ್ತದೆ, ಕ್ರಿಯಾಪದ ಮಾತ್ರ ನಿಮ್ಮ ಜೊತೆ ಊರಿಂದೂರಿಗೆ ಬರುತ್ತದೆ. ನೀವು ಶಿಕ್ಷಕರಾಗಿದ್ದರೆ 'ತರಗತಿ ತೆಗೆದುಕೊಂಡೆ' ಎಂದು ನಿಲ್ಲಿಸದೆ, ಬೋರ್ಡಿನ ಮುಂದೆ ವಿವರಿಸಿದಿರೋ, ಒಬ್ಬ ಹುಡುಗನ ತಪ್ಪು ಲೆಕ್ಕದ ಜಾಡು ಹಿಡಿದಿರೋ, ಉತ್ತರ ಪತ್ರಿಕೆ ತಿದ್ದಿದಿರೋ ಬರೆಯಿರಿ. ಅವು ಮೂರು ಬೇರೆ ಕೆಲಸಗಳು.

ಆ ದಿನ ಯಾರಾದರೂ ಹೊಗಳಿದ್ದರೆ ಆ ಸಾಲಿನ ಪಕ್ಕ ಒಂದು ಸಣ್ಣ ವೃತ್ತ ಹಾಕಿ. ಅದೇಕೆಂದು ಮುಂದೆ ಹೇಳುತ್ತೇನೆ. ಐದಾರು ನಿಮಿಷಕ್ಕಿಂತ ಹೆಚ್ಚು ಹೊತ್ತು ಬರೆಯಬೇಡಿ. ಕಚೇರಿಯಿಂದ ಹೊರಡುವ ಮೊದಲು ಬರೆದರೆ ಒಳ್ಳೆಯದು. ಮನೆಗೆ ಹೋದ ಮೇಲೆ ಬಸ್ಸಿನ ನೂಕುನುಗ್ಗಲೂ ಅಂಕೆಯೊಳಗೆ ಸೇರಿಕೊಳ್ಳುತ್ತದೆ.

ವರ್ಷದ ನಡುವೆ ಹಿಂದಿನ ಪುಟ ತಿರುವಿ ವಿಶ್ಲೇಷಣೆಗೆ ಇಳಿಯದಿರಿ. 'ನನಗೆ ತನಿಖೆ ಇಷ್ಟ' ಎಂದು ಮಾರ್ಚಿನಲ್ಲೇ ತೀರ್ಮಾನಿಸಿದರೆ, ಏಪ್ರಿಲ್‌ನಿಂದ ತನಿಖೆಗೆ ತಾನಾಗಿಯೇ ಮೂರು ಅಂಕ ಬೀಳತೊಡಗುತ್ತದೆ.

ಓದುವ ಕಾಲ

ಬಡ್ತಿಯ ಪಟ್ಟಿ, ವರ್ಗಾವಣೆಯ ಆದೇಶ, ವಾರ್ಷಿಕ ಮೌಲ್ಯಮಾಪನ ಇವುಗಳ ಆಸುಪಾಸಿನಲ್ಲಿ ದಿನಚರಿ ತೆರೆಯಬೇಡಿ. ಸಿಹಿ ಸುದ್ದಿ ಬಂದಿದ್ದರೆ ಇಡೀ ವರ್ಷ ಹೊಳೆಯುತ್ತದೆ, ಕಹಿ ಬಂದಿದ್ದರೆ ಇಡೀ ವರ್ಷ ಕಪ್ಪಾಗುತ್ತದೆ. ನಮ್ಮಲ್ಲಿ ಇವೆಲ್ಲ ಮಾರ್ಚ್‌ನಿಂದ ಜೂನ್ ನಡುವೆ ನಡೆಯುವುದರಿಂದ ನನ್ನ ದಿನಚರಿಯ ವರ್ಷ ದಸರೆಯಿಂದ ದಸರೆಗೆ. ಆಯುಧಪೂಜೆಯ ದಿನ ಮನೆಯಲ್ಲಿ ಲೆಕ್ಕದ ಪುಸ್ತಕ, ಪೆನ್ನು, ಕುಡುಗೋಲಿನ ಜೊತೆ ಇದನ್ನೂ ಇಡುತ್ತೇವೆ. ಪೂಜೆ ಮುಗಿದ ಮೇಲೆ ಮಧ್ಯಾಹ್ನ ಓದಲು ಕೂರುತ್ತೇನೆ, ವಿಜಯದಶಮಿಯ ಮಧ್ಯಾಹ್ನ ಮುಗಿಸುತ್ತೇನೆ.

ಪುಸ್ತಕ ತೆರೆಯುವ ಮೊದಲು ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಮಡಚಿಡಿ: ಈ ವರ್ಷ ನನಗೆ ಅತಿ ಇಷ್ಟವಾದ ಕೆಲಸ ಇದು, ಅತಿ ಬೇಸರ ತಂದದ್ದು ಇದು. ಇದು ನಿಮ್ಮ ನೆನಪಿನ ಹೇಳಿಕೆ. ಮೊದಲ ವರ್ಷದ ನನ್ನ ಚೀಟಿಯಲ್ಲಿ ಇದ್ದದ್ದು 'ಕೌಂಟರ್, ಗ್ರಾಹಕರ ಜೊತೆ ಮಾತು' ಮತ್ತು 'ಹಳ್ಳಿ ಸುತ್ತುವ ತನಿಖೆ'. ಹೌದು, ತನಿಖೆಯನ್ನು ನಾನು ಬೇಸರದ ಪಟ್ಟಿಯಲ್ಲಿ ಬರೆದಿದ್ದೆ.

ಮೊದಲ ದಿನ ಪೆನ್ನು ಹಿಡಿಯದೆ ಬರೀ ಓದಿ. ಎರಡನೆಯ ದಿನ ಮೂರು ಅಂಕ ಬಿದ್ದ ಸಾಲುಗಳನ್ನೆಲ್ಲ ಒಂದೊಂದು ಚೀಟಿಗೆ ಇಳಿಸಿ, ಸೊನ್ನೆ ಬಿದ್ದವನ್ನು ಬೇರೆ ಬಣ್ಣದ ಚೀಟಿಗೆ. ನನಗೆ ಸಿಕ್ಕಿದ್ದು 41 ಮೂರುಗಳು, 58 ಸೊನ್ನೆಗಳು. ಅವುಗಳನ್ನು ನೆಲದ ಮೇಲೆ ಹರಡಿ ಗುಂಪು ಮಾಡಬೇಕು.

ಗುಂಪು ಮಾಡುವ ಬಗೆ

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ನಾನೂ ಮೊದಲು ತಪ್ಪಾಗಿಯೇ ಗುಂಪು ಮಾಡಿದೆ. ಕೃಷಿ ಸಾಲ, ಮನೆ ಸಾಲ, ಠೇವಣಿ, ವಿಮೆ ಎಂದು ವಿಷಯವಾರು ವಿಂಗಡಿಸಿದಾಗ ಎಲ್ಲ ಗುಂಪಿನಲ್ಲೂ ಎರಡೂ ಬಣ್ಣದ ಚೀಟಿಗಳು ಬೆರೆತು ಕೂತವು. ಕೃಷಿ ಸಾಲ ಇಷ್ಟವೂ ಹೌದು, ಇಷ್ಟವಿಲ್ಲವೂ ಹೌದು ಎಂದಾಯಿತು. ಹೀಗೆ ಬಣ್ಣಗಳು ಬೆರೆತರೆ ವಿಂಗಡಣೆಯ ಮಾನದಂಡವೇ ತಪ್ಪಿದೆ ಎಂದು ತಿಳಿಯಿರಿ. ಚೀಟಿಗಳನ್ನು ಮತ್ತೆ ಕಲಸಿ, ಕ್ರಿಯಾಪದಕ್ಕೆ ಅಡಿಗೆರೆ ಎಳೆದು, ಅದರ ಪ್ರಕಾರ ಜೋಡಿಸಿದೆ. ಚಿತ್ರ ತಿಳಿಯಾಯಿತು. 41ರಲ್ಲಿ 17 ಚೀಟಿಗಳು 'ಕಾಗದದಲ್ಲಿ ಇರುವುದನ್ನು ಸ್ಥಳದಲ್ಲಿ ಇರುವುದರ ಜೊತೆ ಹೋಲಿಸಿದೆ' ಎನ್ನುವವು: ಪಹಣಿಯಲ್ಲಿ ತೆಂಗು, ಜಮೀನಿನಲ್ಲಿ ಅಡಿಕೆ ಸಸಿ, ಕೊಟೇಷನ್ನಿನಲ್ಲಿ ಒಂದು ಯಂತ್ರ, ಷೆಡ್ಡಿನಲ್ಲಿ ಇನ್ನೊಂದು. ಒಂಬತ್ತು ಚೀಟಿಗಳು ಹೊಸ ಗುಮಾಸ್ತರಿಗೆ ಪಕ್ಕದಲ್ಲಿ ಕುಳಿತು ಕಲಿಸಿದವು. ಗ್ರಾಹಕರ ಜೊತೆ ಮಾತಾಡಿದ್ದು ಎಂಬ ಗುಂಪಿಗೆ ಸೇರಿದ್ದು ನಾಲ್ಕೇ ಚೀಟಿ.

ಆ ನಾಲ್ಕರ ಪಕ್ಕದಲ್ಲೂ ವೃತ್ತವಿತ್ತು. ಮೂರು ಅಂಕದ ಚೀಟಿಗಳಲ್ಲಿ ಹೊಗಳಿಕೆಯ ವೃತ್ತವಿರುವುದನ್ನೆಲ್ಲ ಒಂದು ಗಳಿಗೆ ಬದಿಗಿಟ್ಟು ನೋಡಿ. ಗುಂಪು ಉಳಿದರೆ ಆ ಕೆಲಸ ಇಷ್ಟ, ಗುಂಪೇ ಮಾಯವಾದರೆ ಇಷ್ಟವಿದ್ದದ್ದು ಹೊಗಳಿಕೆ. ವರ್ಷವಿಡೀ ಕೌಂಟರಿನ ಬಗ್ಗೆ 31 ಸಾಲು ಬರೆದಿದ್ದೆ. ವೃತ್ತವಿದ್ದ ನಾಲ್ಕು ಬಿಟ್ಟರೆ ಉಳಿದ 27ರಲ್ಲಿ ಹೆಚ್ಚಿನವಕ್ಕೆ ಬಿದ್ದದ್ದು ಒಂದು ಅಂಕ ಮಾತ್ರ. ಹನ್ನೊಂದು ವರ್ಷ ಹೇಳಿಕೊಂಡು ಬಂದ ಉತ್ತರ ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೆಲಸ ಚೆನ್ನಾಗಿ ಮಾಡುವುದಕ್ಕೂ ಅದು ಹಿಡಿಸುವುದಕ್ಕೂ ಇರುವ ಅಂತರವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಒಂದೇ ಕೆಲಸದ ಒಳ್ಳೆಯ ದಿನ, ಕೆಟ್ಟ ದಿನ

ಹಲವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದರ ಮುಂದಿನ ಹೆಜ್ಜೆ. ದೊಡ್ಡ ಗುಂಪೊಂದನ್ನು ಆರಿಸಿ, ಅದೇ ಕ್ರಿಯಾಪದವಿದ್ದೂ ಕಡಿಮೆ ಅಂಕ ಬಿದ್ದ ಸಾಲುಗಳನ್ನು ಪುಸ್ತಕದಿಂದ ಹುಡುಕಿ ತೆಗೆಯಿರಿ. ನಾನು ವರ್ಷದಲ್ಲಿ 26 ತನಿಖೆಗಳನ್ನು ದಾಖಲಿಸಿದ್ದೆ. 17ಕ್ಕೆ ಮೂರು, ಉಳಿದ ಒಂಬತ್ತಕ್ಕೆ ಸೊನ್ನೆ ಅಥವಾ ಒಂದು. ಕೆಲಸ ಒಂದೇ, ಆದರೆ ಆ ಒಂಬತ್ತು ದಿನ ಏನು ಬೇರೆಯಾಗಿತ್ತು?

ಹೊತ್ತು ಕಾರಣವೇ ಎಂದು ನೋಡಿದೆ; ಅಲ್ಲ. ಜೊತೆಗೆ ಬಂದವರೇ? ಅಲ್ಲ. ಬಿಸಿಲು, ದೂರ? ಸ್ವಲ್ಪ ಮಟ್ಟಿಗೆ. ಆಮೇಲೆ ಒಂದೊಂದೇ ಪ್ರಸಂಗವನ್ನು ನೆನೆದು ಬಲಪುಟದಲ್ಲಿ ಟಿಪ್ಪಣಿ ಬರೆಯುತ್ತಾ ಹೋದಾಗ ತಿಳಿಯಿತು. ಒಂಬತ್ತರಲ್ಲಿ ಏಳು ಪ್ರಸಂಗಗಳಲ್ಲಿ ಸಾಲ ಆಗಲೇ ಮಂಜೂರಾಗಿತ್ತು ಅಥವಾ ಮಂಜೂರು ಮಾಡುವುದೆಂದು ಮೊದಲೇ ತೀರ್ಮಾನವಾಗಿತ್ತು; ನಾನು ಹೋಗಿದ್ದು ಕಡತಕ್ಕೆ ಒಂದು ಹಾಳೆ ಸೇರಿಸಲು ಮಾತ್ರ. ಮೂರು ಅಂಕ ಬಿದ್ದ ದಿನಗಳಲ್ಲಿ ನನ್ನ ವರದಿಯ ಮೇಲೆ ತೀರ್ಮಾನ ನಿಂತಿತ್ತು. ಹೀಗೆ ನನ್ನ ಮೊದಲ ವರ್ಷದ ಫಲ ಎರಡು ಭಾಗದ ಒಂದು ವಾಕ್ಯವಾಯಿತು: ಕಾಗದವನ್ನು ಸ್ಥಳದೊಡನೆ ಹೋಲಿಸಿ ನೋಡುವ ಕೆಲಸ ನನಗೆ ಹಿಡಿಸುತ್ತದೆ, ನಾನು ಕಂಡದ್ದರಿಂದ ತೀರ್ಮಾನ ಬದಲಾಗುವ ಸಾಧ್ಯತೆ ಇದ್ದರೆ.

ಹಾರ್ವರ್ಡ್‌ನ ಸಂಶೋಧಕಿ ತೆರೇಸಾ ಅಮಬೀಲ್ ಮತ್ತು ಸಂಗಡಿಗರು 238 ಉದ್ಯೋಗಿಗಳಿಂದ ಸುಮಾರು 12,000 ದಿನಚರಿ ಬರಹಗಳನ್ನು ಪಡೆದು ಓದಿದಾಗ, ಒಳ್ಳೆಯ ದಿನಗಳ ಹಿಂದೆ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಅರ್ಥವಿರುವ ಕೆಲಸದಲ್ಲಿ ಸ್ವಲ್ಪವಾದರೂ ಮುಂದೆ ಸಾಗಿದ್ದು. ಆದ್ದರಿಂದ ನಿಮ್ಮ ಕೆಟ್ಟ ದಿನಗಳನ್ನು ಹೋಲಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಆ ದಿನ ಕೆಲಸ ಕದಲಿತ್ತೇ, ನಿಂತಲ್ಲೇ ನಿಂತಿತ್ತೇ?

ಮೋಸ ಹೋಗುವ ಜಾಗಗಳು

ಹೊಸತನ ಮೊದಲನೆಯದು. ಯಾವುದೇ ಹೊಸ ಕೆಲಸಕ್ಕೆ ಮೊದಲ ಆರೆಂಟು ವಾರ ಅಂಕ ಹೆಚ್ಚೇ ಬೀಳುತ್ತದೆ. ಆ ಅವಧಿಯ ಸಾಲುಗಳನ್ನು ಬಿಟ್ಟು ಉಳಿದವನ್ನು ಎಣಿಸಿ. ಗುಂಪು ಅರ್ಧಕ್ಕಿಂತ ಕೆಳಗಿಳಿದರೆ ಇನ್ನೊಂದು ವರ್ಷ ಕಾಯಿರಿ. ಎರಡನೆಯದು ಒಬ್ಬ ವ್ಯಕ್ತಿಯ ನೆರಳು. ಸೊನ್ನೆಗಳಲ್ಲಿ ಬಹುಪಾಲು ಒಬ್ಬರೇ ಮೇಲಧಿಕಾರಿಯ ಹೆಸರಿನ ಜೊತೆ ಬಂದಿದ್ದರೆ ಅದು ಕೆಲಸದ ಬಗೆಗಿನ ಸಾಕ್ಷ್ಯವಲ್ಲ. ಕೆಲಸ ಬದಲಿಸುವ ಬದಲು ಶಾಖೆ ಬದಲಿಸಿದರೆ ಸಾಕಾಗಬಹುದು. ಮನೆಯಲ್ಲಿ ಕಾಯಿಲೆ, ಸಾವು, ಮಗುವಿನ ನಿದ್ದೆಗೆಟ್ಟ ರಾತ್ರಿಗಳು ಇದ್ದ ತಿಂಗಳುಗಳ ಪುಟಕ್ಕೆ ಮೇಲೊಂದು ಗುರುತು ಹಾಕಿ, ಅವುಗಳನ್ನು ಲೆಕ್ಕದಿಂದ ಹೊರಗಿಡಿ. ಐದಾರು ಚೀಟಿಗಳ ಗುಂಪಿನಿಂದ ಬದುಕಿನ ತೀರ್ಮಾನ ಮಾಡಬೇಡಿ.

ಒಂದು ವರ್ಷದ ಪರೀಕ್ಷೆ

ಸಿಕ್ಕ ವಾಕ್ಯವನ್ನು ಹಿಡಿದು ಮರುದಿನವೇ ರಾಜೀನಾಮೆ ಕೊಡುವ ಅಗತ್ಯವಿಲ್ಲ. ಅದನ್ನು ಮುಂದಿನ ವರ್ಷ ಸಣ್ಣ ಪ್ರಮಾಣದಲ್ಲಿ ಒರೆಗೆ ಹಚ್ಚಬೇಕು. ನಾನು ಮ್ಯಾನೇಜರ್ ಬಳಿ ಹೋಗಿ, ವಾರಕ್ಕೆ ಎರಡು ದಿನ ಮಂಜೂರಾತಿಗೆ ಮೊದಲಿನ ತನಿಖೆಗಳನ್ನು ನನಗೇ ಕೊಡಿ, ಬದಲಿಗೆ ಹೊಸಬರಿಗೆ ಕಲಿಸುವ ಹೊಣೆಯನ್ನೂ ಹೊರುತ್ತೇನೆ ಎಂದೆ. ತನಿಖೆಗೆ ಹೋಗಲು ಬೇರೆ ಯಾರೂ ಮುಂದೆ ಬರುತ್ತಿರಲಿಲ್ಲವಾದ್ದರಿಂದ ಅವರು ಒಪ್ಪಿದರು. ಮುಂದಿನ ದಸರೆಯ ಹೊತ್ತಿಗೆ ಗುಂಪು ಗಟ್ಟಿಯಾಗಿಯೇ ನಿಂತಿತ್ತು. ಜೊತೆಗೆ ಇನ್ನೊಂದು ಸಂಗತಿ ಕಂಡಿತು: ದಿನಕ್ಕೆ ಎರಡು ಸ್ಥಳ ಮೀರಿದರೆ ಮೊದಲ ಅಂಕೆ ಮೂರೇ ಇದ್ದರೂ ಎರಡನೆಯದು ಕಳೆಯುವ ಚಿಹ್ನೆಗೆ ಇಳಿಯುತ್ತಿತ್ತು. ಅಂದಿನಿಂದ ದಿನಕ್ಕೆ ಎರಡೇ.

ದಿನಚರಿಗೆ ಒಂದು ಮಿತಿ ಇದೆ. ನೀವು ಎಂದೂ ಮಾಡದ ಕೆಲಸ ಅದರಲ್ಲಿ ಬರುವುದಿಲ್ಲ. ಅದಕ್ಕಾಗಿ ವರ್ಷಕ್ಕೆ ಎರಡು ಮೂರು ದಿನ ಬೇರೆಯವರ ಕೆಲಸದ ಪಕ್ಕ ಕುಳಿತು, ಅದನ್ನೂ ಇದೇ ಮಾದರಿಯಲ್ಲಿ ಬರೆಯಬೇಕು. ಮೂರನೆಯ ವರ್ಷ ನನ್ನ ಮುಂದೆ ಎರಡು ದಾರಿಗಳಿದ್ದವು: ಬ್ಯಾಂಕಿನ ಆಂತರಿಕ ತಪಾಸಣಾ ವಿಭಾಗ, ಅಥವಾ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಕೇಂದ್ರ. ತಪಾಸಣೆ ಎಂದರೆ ಹೋಲಿಸಿ ನೋಡುವುದೇ ತಾನೇ ಎಂದು ಎಲ್ಲರೂ ಅದನ್ನೇ ಸೂಚಿಸಿದರು, ನನಗೂ ಆಸೆಯಿತ್ತು. ನಮ್ಮ ಶಾಖೆಗೆ ಬಂದ ತಪಾಸಣಾಧಿಕಾರಿಯ ಜೊತೆ ಮೂರು ದಿನ ಕಡತಗಳನ್ನು ಜೋಡಿಸಿಕೊಡುತ್ತಾ ಕುಳಿತೆ. ಕೆಲಸ ಸೂಕ್ಷ್ಮವಾದದ್ದು, ಅಗತ್ಯವಾದದ್ದು. ಆದರೆ ಅವರ ಮುಂದಿದ್ದ ಸಾಲಗಳೆಲ್ಲ ಆಗಲೇ ಕೊಟ್ಟುಬಿಟ್ಟವು. ಆ ಮೂರು ದಿನಗಳ ಸಾಲುಗಳಲ್ಲಿ ಒಂದಕ್ಕೂ ನಾನು ಎರಡಕ್ಕಿಂತ ಹೆಚ್ಚು ಬರೆದಿರಲಿಲ್ಲ. ವಾಕ್ಯದ ಎರಡನೆಯ ಭಾಗ ಇಲ್ಲದೇ ಹೋಗಿದ್ದರೆ ಖಂಡಿತ ಆ ವಿಭಾಗಕ್ಕೇ ಅರ್ಜಿ ಹಾಕುತ್ತಿದ್ದೆ.

ಅರ್ಜಿ ಪರಿಶೀಲನಾ ಕೇಂದ್ರಕ್ಕೆ ಬಂದು ಈಗ ಎರಡು ದಸರೆ ಕಳೆದಿವೆ. ತನಿಖೆಯ ಸಾಲುಗಳು ಚೆನ್ನಾಗಿಯೇ ಇವೆ. ಕಲಿಸುವ ಚೀಟಿಗಳು ಮಾತ್ರ ಒಂಬತ್ತರಿಂದ ಎರಡಕ್ಕೆ ಇಳಿದಿವೆ, ಏಕೆಂದರೆ ಇಲ್ಲಿಗೆ ಹೊಸಬರು ಬರುವುದು ಅಪರೂಪ. ಈ ವರ್ಷದ ಬಲಪುಟದಲ್ಲಿ ಅದನ್ನು ಬರೆದು, ತರಬೇತಿಗೆ ಬರುವ ಅಧಿಕಾರಿಗಳಲ್ಲಿ ತಿಂಗಳಿಗೊಬ್ಬರನ್ನು ತನಿಖೆಗೆ ಜೊತೆಗೆ ಕಳುಹಿಸುವಂತೆ ಕೇಂದ್ರದ ಮುಖ್ಯಸ್ಥರಿಗೆ ಕೇಳಿದ್ದೇನೆ. ಮೊದಲನೆಯವರು ಬರುವುದು ಮುಂದಿನ ಮಂಗಳವಾರ.